ಮನೆ ಬಿಡುವ ಪತ್ರದಲ್ಲಿ ಓನರ್ ಹುಡುಕುವ ಲೆಕ್ಕ

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆಂದು ಕೊಟ್ಟ ಅಡ್ವಾನ್ಸ್ ಓನರ್ ಬ್ಯಾಂಕ್ ಖಾತೆಯಲ್ಲಿ ಹಾಗೇ ಕುಳಿತಿರುತ್ತದೆ ಎಂದು ಯಾರೂ ನಂಬುವುದಿಲ್ಲ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವುದು ಇಲ್ಲಿನ ಹಳೆಯ ರೂಢಿ. ಈಗ ಅನೇಕರು ಐದಾರು ತಿಂಗಳಿಗೆ ಇಳಿದಿದ್ದಾರೆ. ಎಷ್ಟೇ ಆದರೂ ಅದು ಲಕ್ಷ ದಾಟುವ ಮೊತ್ತ. ಅದು ಮೇಲಿನ ಮಹಡಿ ಕಟ್ಟುವುದಕ್ಕೋ, ಮಗಳ ಮದುವೆಗೋ, ಹಿಂದಿನ ಬಾಡಿಗೆದಾರರ ಅಡ್ವಾನ್ಸ್ ತೀರಿಸುವುದಕ್ಕೋ ಕೈಬಿಟ್ಟು ಹೋಗಿರುತ್ತದೆ. ಹೊಸಬರು ಕೊಟ್ಟ ಹಣದಲ್ಲಿ ಹಳಬರನ್ನು ಕಳಿಸುವುದು ನಗರದ ಸಾವಿರಾರು ಮನೆಗಳು ನಡೆಯುವ ಕ್ರಮ.

ಹಾಗಾಗಿ ಅವಧಿಗೆ ಮೊದಲೇ ಬಾಡಿಗೆದಾರರು ಬಂದು ‘ವಿದೇಶದಲ್ಲಿ ಕೆಲಸ ಸಿಕ್ಕಿದೆ, ಮನೆ ಬಿಡುತ್ತೇವೆ’ ಎಂದಾಗ ಓನರ್ ಮುಖ ಬಾಡುವುದು ಬರುವ ತಿಂಗಳ ಬಾಡಿಗೆಯನ್ನು ನೆನೆದಲ್ಲ. ಎರಡು ಲಕ್ಷ ಈಗ ಎಲ್ಲಿಂದ ಹೊಂದಿಸಲಿ ಎಂಬುದೇ ಅವರ ಮೊದಲ ಚಿಂತೆ. ಬಾಡಿಗೆದಾರರು ಬರೆಯುವ ಪತ್ರ ಈ ಚಿಂತೆಗೆ ಉತ್ತರ ಕೊಡಬೇಕು. ‘ನನ್ನ ಬದಲಿಗೆ ಇನ್ನೊಬ್ಬರನ್ನು ನಾನೇ ಹುಡುಕಿಕೊಡುತ್ತೇನೆ’ ಎಂಬ ಸಾಲು ಬರೀ ಸೌಜನ್ಯಕ್ಕೆ ಬರೆಯುವಂಥದ್ದಲ್ಲ. ತನ್ನ ಅಡ್ವಾನ್ಸ್ ತಾನು ವಿಮಾನ ಹತ್ತುವ ಮುನ್ನ ತನ್ನ ಕೈ ಸೇರುವ ದಾರಿ ಬಹಳ ಸಲ ಅದೊಂದೇ.

ಒಂದು ಲೆಕ್ಕ ಹಾಕೋಣ. ರಾಜಾಜಿನಗರದ ಎರಡು ಮಲಗುವ ಕೋಣೆಯ ಮನೆ, ಮೊದಲ ಮಹಡಿ. ಕೆಳಗೆ ನಿವೃತ್ತ ದಂಪತಿ, ಅವರೇ ಓನರ್. ಬಾಡಿಗೆ ತಿಂಗಳಿಗೆ 30,000 ರೂಪಾಯಿ, ಅಡ್ವಾನ್ಸ್ 2 ಲಕ್ಷ. ಅಗ್ರಿಮೆಂಟ್ ಏಪ್ರಿಲ್ 1ರಿಂದ ಹನ್ನೊಂದು ತಿಂಗಳು, ಅಂದರೆ ಫೆಬ್ರುವರಿ 28ರವರೆಗೆ. ಮೊದಲ ಆರು ತಿಂಗಳು ಲಾಕ್-ಇನ್, ಅದು ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಬಿಡುವುದಾದರೆ ಎರಡು ತಿಂಗಳ ನೋಟಿಸ್. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಕಡಿತ. ಇವೆಲ್ಲ ಈ ಊರಿನಲ್ಲಿ ಸರ್ವೇಸಾಮಾನ್ಯವಾದ ಷರತ್ತುಗಳು. ಬಾಡಿಗೆದಾರರು ಗಂಡ ಹೆಂಡತಿ. ಗಂಡನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಸೆಪ್ಟೆಂಬರ್ 15ಕ್ಕೆ ಅಲ್ಲಿರಬೇಕು. ಜುಲೈ ಎರಡನೇ ವಾರದಲ್ಲಿ ವೀಸಾ ಕೈಗೆ ಬಂದಿದೆ. ಆಗಸ್ಟ್ 31ಕ್ಕೆ ಮನೆ ಖಾಲಿ ಮಾಡುವ ಯೋಚನೆ.

ಪೆನ್ನು ಹಿಡಿಯುವ ಮುನ್ನ ಅಗ್ರಿಮೆಂಟ್ ತೆಗೆದು ಓದಬೇಕು. ಸಹಿ ಹಾಕಿದ ದಿನ ಓದದೆ ಬಿಟ್ಟಿದ್ದ ಸಾಲುಗಳಿಗೆ ಈಗ ಬೆಲೆ ಬಂದಿರುತ್ತದೆ. ಮೊದಲು ನೋಡಬೇಕಾದ್ದು ಅದರ ಕೊನೆಯ ದಿನಾಂಕ. ಮೂರ್ನಾಲ್ಕು ವರ್ಷಗಳಿಂದ ಒಂದೇ ಮನೆಯಲ್ಲಿರುವ ಎಷ್ಟೋ ಕುಟುಂಬಗಳ ಅಗ್ರಿಮೆಂಟ್ ಮೊದಲ ವರ್ಷವೇ ಮುಗಿದು, ಹೊಸದು ಬರೆಸದೆ, ವರ್ಷಕ್ಕಿಷ್ಟು ಬಾಡಿಗೆ ಏರಿಸಿಕೊಂಡು ಬಾಯಿಮಾತಿನಲ್ಲೇ ಸಾಗಿರುತ್ತದೆ. ಹಾಗಿದ್ದರೆ ಹಳೆಯ ಲಾಕ್-ಇನ್ ಈಗ ಉಳಿದಿರುವುದಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಇಂಥ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆ ಎಂದು ಎಣಿಸುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ ಅದನ್ನು ಕೊನೆಗೊಳಿಸಲು ಹದಿನೈದು ದಿನಗಳ ನೋಟಿಸ್ ಸಾಕು. ಓನರ್ ಜತೆಗಿನ ಸಂಬಂಧ ಚೆನ್ನಾಗಿದ್ದರೆ ಹದಿನೈದೇ ದಿನ ಕೊಟ್ಟು ಹೊರಡುವುದು ಮರ್ಯಾದೆಯಲ್ಲ, ಆ ಮಾತು ಬೇರೆ.

ನಮ್ಮ ಉದಾಹರಣೆಯಲ್ಲಿ ಅಗ್ರಿಮೆಂಟ್ ಇನ್ನೂ ಜಾರಿಯಲ್ಲಿದೆ. ಇಲ್ಲಿ ತೊಡಕು ಇರುವುದು ಲಾಕ್-ಇನ್ ಮತ್ತು ನೋಟಿಸ್ ಎರಡೂ ಕೂಡುವ ಜಾಗದಲ್ಲಿ. ಲಾಕ್-ಇನ್ ನಡೆಯುತ್ತಿರುವಾಗಲೇ ನೋಟಿಸ್ ಕೊಡಬಹುದೇ, ಅಥವಾ ಅದು ಮುಗಿದ ಮೇಲಷ್ಟೇ ಕೊಡಬೇಕೇ? ಮೊದಲನೆಯದಾದರೆ ಜುಲೈ 10ಕ್ಕೆ ಕೊಟ್ಟ ನೋಟಿಸ್ ಸೆಪ್ಟೆಂಬರ್ 10ಕ್ಕೆ ಮುಗಿಯುತ್ತದೆ, ಲಾಕ್-ಇನ್ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಹೆಚ್ಚುವರಿ ಹೊರೆ ಸೆಪ್ಟೆಂಬರ್ ಒಂದೇ ತಿಂಗಳ 30,000. ಎರಡನೆಯದಾದರೆ ನೋಟಿಸ್ ಅಕ್ಟೋಬರ್ 1ರಿಂದ ಶುರುವಾಗಿ ನವೆಂಬರ್ 30ರವರೆಗೆ ಓಡುತ್ತದೆ. ಮೂರು ತಿಂಗಳು ಖಾಲಿ ಮನೆಗೆ 90,000 ರೂಪಾಯಿ. ಒಂದೇ ವಾಕ್ಯದ ಓದಿನಲ್ಲಿ 60,000 ರೂಪಾಯಿ ಅಂತರ. ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಿರುವ ನಮೂನೆಗೆ ಹೆಸರು, ಮೊತ್ತ ತುಂಬಿಸಿದ ಅಗ್ರಿಮೆಂಟ್‌ಗಳಲ್ಲಿ ಈ ವಿಷಯ ಸ್ಪಷ್ಟವಾಗಿರುವುದು ಅಪರೂಪ. ಸ್ಪಷ್ಟವಿಲ್ಲದ ಕಡೆ ವಾದಕ್ಕಿಂತ ಮಾತುಕತೆ ಅಗ್ಗ.

ಕೆಲಸ ವಿದೇಶದಲ್ಲಿ ಸಿಕ್ಕಿತು ಎಂಬ ಕಾರಣಕ್ಕೆ ಕಾನೂನು ವಿನಾಯಿತಿ ಕೊಡುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕೊಡುವುದಿಲ್ಲ. ಅಗ್ರಿಮೆಂಟಿನಲ್ಲಿ ವರ್ಗಾವಣೆಯ ಷರತ್ತು ಬರೆಸಿಕೊಂಡಿದ್ದರೆ ಮಾತ್ರ ಅದು ಹಕ್ಕು, ಇಲ್ಲದಿದ್ದರೆ ಕೋರಿಕೆ. ಪತ್ರದ ದನಿಯೂ ಹಾಗೆಯೇ ಇರಬೇಕು. ‘ಈ ಮೂಲಕ ತಿಳಿಸುವುದೇನೆಂದರೆ’ ಎಂದು ನೋಟಿಸಿನ ಧಾಟಿಯಲ್ಲಿ ಶುರುವಾದ ಪತ್ರ ಓನರ್ ಕೈಯಿಂದ ಸೀದಾ ಅವರಿಗೆ ಪರಿಚಯದ ವಕೀಲರ ಕೈಗೆ ಹೋಗುತ್ತದೆ.

ಪತ್ರ ಯಾವಾಗ ಕೊಡಬೇಕು ಎನ್ನುವುದೂ ಸಣ್ಣ ವಿಷಯವಲ್ಲ. ಆಫರ್ ಲೆಟರ್ ಬಂದ ದಿನವೇ ಖುಷಿಯಲ್ಲಿ ಹೇಳಿಬಿಟ್ಟು, ಮುಂದೆ ವೀಸಾ ತಡವಾಗಿ, ಅಷ್ಟರಲ್ಲಿ ಓನರ್ ಬೇರೆಯವರಿಂದ ಟೋಕನ್ ತೆಗೆದುಕೊಂಡು, ಕೊನೆಗೆ ಬ್ಯಾಗು ಕಟ್ಟಿಕೊಂಡು ಬಂಧುಗಳ ಮನೆ ಸೇರಿದವರಿದ್ದಾರೆ. ಮನೆ ಬಿಡುವ ದಿನಾಂಕವನ್ನು ಒಮ್ಮೆ ಬರೆದುಕೊಟ್ಟು ಓನರ್ ಒಪ್ಪಿ ಹೊಸಬರಿಗೆ ಮಾತು ಕೊಟ್ಟ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ. ವೀಸಾ ಬರುವವರೆಗೆ ‘ಹೀಗೊಂದು ಸಾಧ್ಯತೆ ಇದೆ’ ಎಂದು ಬಾಯಲ್ಲಿ ಹೇಳಿಟ್ಟರೆ ಸಾಕು. ವೀಸಾ ಬಂದ ದಿನ ದಿನಾಂಕದೊಂದಿಗೆ ಪತ್ರ ಕೊಡಬಹುದು. ಕೆಳಗಿನ ಮನೆಯಲ್ಲೇ ಓನರ್ ಇದ್ದರೆ ಮೊದಲು ಹೋಗಿ ಕುಳಿತು ಹೇಳಬೇಕು. ಮೇಲಿನ ಮಹಡಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಮೊದಲ ಸುದ್ದಿ ಬಂದರೆ ಹಿರಿಯರಿಗೆ ನೋವಾಗುತ್ತದೆ, ಆ ನೋವು ಆಮೇಲೆ ಬಣ್ಣದ ಖರ್ಚಿನಲ್ಲಿ ಹೊರಬೀಳುತ್ತದೆ. ಬಾಯಲ್ಲಿ ಹೇಳಿದ ದಿನವೇ ಬರಹದಲ್ಲೂ ಕೊಡಬೇಕು, ಏಕೆಂದರೆ ನೋಟಿಸಿನ ಅವಧಿ ಲೆಕ್ಕಕ್ಕೆ ಬರುವುದು ಬರಹ ತಲುಪಿದ ದಿನದಿಂದ. ನೋಟಿಸನ್ನು ಅಂಚೆಯಲ್ಲೇ ಕಳಿಸಬೇಕು ಎಂದು ಅಗ್ರಿಮೆಂಟಿನಲ್ಲಿದ್ದರೆ ಕೈಯಲ್ಲಿ ಕೊಟ್ಟ ಪತ್ರದ ಜತೆಗೆ ಅದನ್ನೂ ಮಾಡಬೇಕು.

ಇನ್ನು ಪತ್ರ. ನಮ್ಮ ದಂಪತಿ ಹೀಗೆ ಬರೆಯಬಹುದು:

“ಮಾನ್ಯರಿಗೆ ನಮಸ್ಕಾರಗಳು.

ನಿಮ್ಮ ಮನೆಯ ಮೊದಲ ಮಹಡಿಯಲ್ಲಿ ಏಪ್ರಿಲ್ 1ರಿಂದ ಬಾಡಿಗೆಗೆ ಇದ್ದೇವೆ. ನನಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದ್ದು ಸೆಪ್ಟೆಂಬರ್ 15ರಂದು ಸೇರಬೇಕಾಗಿದೆ. ವೀಸಾ ಬಂದಿದೆ. ಕೆಲಸಕ್ಕೆ ಸೇರುವ ದಿನಾಂಕವಿರುವ ಪುಟದ ಪ್ರತಿ ಜತೆಗಿದೆ.

ನಮ್ಮ ಅಗ್ರಿಮೆಂಟ್ ಫೆಬ್ರುವರಿ 28ರವರೆಗೆ ಇದೆ, ಲಾಕ್-ಇನ್ ಸೆಪ್ಟೆಂಬರ್ 30ರವರೆಗೆ ಇದೆ ಎಂಬುದು ನಮಗೆ ಗೊತ್ತಿದೆ. ಆದರೂ ಆಗಸ್ಟ್ 31ಕ್ಕೆ ಮನೆ ಬಿಟ್ಟುಕೊಡಲು ನಿಮ್ಮ ಒಪ್ಪಿಗೆ ಕೋರುತ್ತೇವೆ.

ನಿಮಗೆ ಬಾಡಿಗೆ ನಿಲ್ಲಬಾರದು ಎಂದು, ನಮ್ಮ ಬದಲಿಗೆ ಬರುವವರನ್ನು ನಾವೇ ಹುಡುಕುತ್ತೇವೆ. ಈಗಿನ 30,000ಕ್ಕೆ ಕಡಿಮೆಯಿಲ್ಲದ ಬಾಡಿಗೆಗೆ, ಈಗಿನಷ್ಟೇ ಅಡ್ವಾನ್ಸ್ ಕೊಡಬಲ್ಲವರನ್ನು ಆಗಸ್ಟ್ 10ರೊಳಗೆ ನಿಮಗೆ ಭೇಟಿ ಮಾಡಿಸುತ್ತೇವೆ. ಯಾರಿಗೆ ಕೊಡಬೇಕು ಎಂಬ ತೀರ್ಮಾನ ಪೂರ್ತಿ ನಿಮ್ಮದು. ಅಗ್ರಿಮೆಂಟ್ ಅವರ ಮತ್ತು ನಿಮ್ಮ ನಡುವೆ ಹೊಸದಾಗಿ ಆಗಲಿ. ಎಷ್ಟು ಜನರಿರಬಹುದು, ವಾಹನ ಎಷ್ಟು, ಸಾಕುಪ್ರಾಣಿ ಇರಬಹುದೇ ಎಂಬುದನ್ನು ತಿಳಿಸಿದರೆ ಅಂಥವರನ್ನೇ ಕರೆತರುತ್ತೇವೆ. ಮನೆ ತೋರಿಸಲು ಶನಿವಾರ, ಭಾನುವಾರ ದಿನವಿಡೀ ಮತ್ತು ಉಳಿದ ದಿನ ಸಂಜೆ ಏಳರ ನಂತರ ನಾವು ಮನೆಯಲ್ಲಿರುತ್ತೇವೆ.

ಹೊಸಬರ ಬಾಡಿಗೆ ಶುರುವಾಗುವ ದಿನದವರೆಗಿನ ಬಾಡಿಗೆಯನ್ನು, ಹೆಚ್ಚೆಂದರೆ ಸೆಪ್ಟೆಂಬರ್ 30ರವರೆಗೆ, ನಾವು ಕೊಡುತ್ತೇವೆ. ಜುಲೈ ಮತ್ತು ಆಗಸ್ಟ್ ಬಾಡಿಗೆಯನ್ನು ಎಂದಿನಂತೆ 5ನೇ ತಾರೀಖಿನೊಳಗೆ ಕಟ್ಟುತ್ತೇವೆ. ಹೊಸಬರಿಂದ ಅಡ್ವಾನ್ಸ್ ನಿಮ್ಮ ಕೈ ಸೇರಿದ ಮೇಲೆ, ಅಗ್ರಿಮೆಂಟಿನಂತೆ ಬಣ್ಣದ ಖರ್ಚು ಮತ್ತು ಬಾಕಿ ಕರೆಂಟ್ ಬಿಲ್ ಕಳೆದು ನಮ್ಮ ಅಡ್ವಾನ್ಸನ್ನು ಆಗಸ್ಟ್ 31ರೊಳಗೆ, ಅಂದರೆ ನಾವು ಹೊರಡುವ ಮುನ್ನ, ಹಿಂದಿರುಗಿಸಬೇಕೆಂದು ಕೋರಿಕೆ.

ಇದಕ್ಕೆ ನಿಮ್ಮ ಒಪ್ಪಿಗೆಯನ್ನು ಈ ಪತ್ರದ ಕೆಳಗೆ ಬರೆದು ಸಹಿ ಮಾಡಿಕೊಟ್ಟರೆ ನಾಳೆಯಿಂದಲೇ ಹುಡುಕಲು ಶುರು ಮಾಡುತ್ತೇವೆ. ಒಪ್ಪಿಗೆಯಾಗದಿದ್ದರೂ ಇದನ್ನೇ ಇಂದಿನಿಂದ ಎರಡು ತಿಂಗಳ ನೋಟಿಸ್ ಎಂದು ತಿಳಿಯಬೇಕಾಗಿ ವಿನಂತಿ.”

ಇಡೀ ಪತ್ರ ಒಂದು ಪುಟ. ‘ನಿಮ್ಮ ಮನೆ ನಮ್ಮ ಮನೆಯ ಹಾಗೇ ಇತ್ತು’ ಎಂಬ ಭಾವುಕ ಸಾಲುಗಳು ಇಲ್ಲಿಲ್ಲ. ಅವನ್ನು ಕಾಫಿ ಕುಡಿಯುತ್ತಾ ಹೇಳಬಹುದು. ಲಾಕ್-ಇನ್ ಇದೆ ಎಂಬುದನ್ನು ಬರೆದವರೇ ಒಪ್ಪಿಕೊಂಡಿದ್ದಾರೆ. ಓನರ್ ಅದನ್ನು ಎತ್ತಿ ತೋರಿಸುವ ಪ್ರಮೇಯವೇ ಇಲ್ಲ. ತಮ್ಮ ಹೊಣೆಗೆ ಒಂದು ಗಡಿಯನ್ನೂ ಹಾಕಿದ್ದಾರೆ: ಹೆಚ್ಚೆಂದರೆ ಸೆಪ್ಟೆಂಬರ್ 30. ‘ಹೊಸಬರು ಬರುವವರೆಗೆ ಬಾಡಿಗೆ ಕೊಡುತ್ತೇವೆ’ ಎಂದು ಗಡಿಯಿಲ್ಲದೆ ಬರೆದುಬಿಟ್ಟರೆ, ಓನರ್ ಆರು ತಿಂಗಳು ಯಾರನ್ನೂ ಒಪ್ಪದೆ ಕುಳಿತರೂ ಮೀಟರ್ ಓಡುತ್ತಲೇ ಇರುತ್ತದೆ. ಕೊನೆಯ ಸಾಲೂ ಮುಖ್ಯ. ಕೋರಿಕೆ ಬಿದ್ದುಹೋದರೂ ನೋಟಿಸಿನ ದಿನಗಳು ವ್ಯರ್ಥವಾಗಬಾರದು.

ಕೊನೆಯ ಎರಡು ತಿಂಗಳ ಬಾಡಿಗೆ ಕಟ್ಟದೆ ‘ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎನ್ನುವುದು ಬಾಡಿಗೆದಾರರ ಹಳೆಯ ಉಪಾಯ. ವಿದೇಶಕ್ಕೆ ಹೋಗುವವರಿಗೆ ಇದರ ಆಸೆ ಇನ್ನೂ ಹೆಚ್ಚು, ಒಮ್ಮೆ ಹೋದ ಮೇಲೆ ಹಣ ಬರುತ್ತದೆಂಬ ಖಾತರಿ ಇಲ್ಲವಲ್ಲ. ಆ ಭಯ ಸುಳ್ಳೇನಲ್ಲ. ಆದರೆ ಹೇಳದೆ ಕೇಳದೆ ಬಾಡಿಗೆ ನಿಲ್ಲಿಸಿದರೆ ಅಗ್ರಿಮೆಂಟ್ ಮುರಿದವರು ನೀವೇ ಆಗುತ್ತೀರಿ, ಅವಧಿಗೆ ಮುಂಚೆ ಬಿಡಲು ಒಪ್ಪಿಗೆ ಕೇಳುತ್ತಿರುವ ಹೊತ್ತಿನಲ್ಲಿ. ಓನರ್ ಹಣ ಹೊಂದಿಸಲಾರೆ ಎಂದು ಅವರಾಗಿಯೇ ಹೇಳಿದರೆ ಆಗ ಆಗಸ್ಟ್ ಬಾಡಿಗೆಯನ್ನು ಮುರಿದುಕೊಳ್ಳುವ ಮಾತು ಎತ್ತಬಹುದು. ಹಲವು ಸಲ ಅವರಿಗೂ ಅದೇ ಅನುಕೂಲ.

ಬದಲಿ ಬಾಡಿಗೆದಾರರ ವಿಷಯದಲ್ಲಿ ಎಡವುವವರೇ ಹೆಚ್ಚು. ಆಫೀಸಿನ ಗೆಳೆಯನೊಬ್ಬ ಮನೆ ಹುಡುಕುತ್ತಿದ್ದಾನೆ. ಅವನಿಂದ 2 ಲಕ್ಷ ತಾನೇ ಇಸಿದುಕೊಂಡು, ಬೀಗದ ಕೈ ಕೊಟ್ಟು, ‘ಓನರ್‌ಗೆ ಬಾಡಿಗೆ ಕಟ್ಟುತ್ತಾ ಹೋಗು, ಅಡ್ವಾನ್ಸ್ ನನ್ನ ಹೆಸರಲ್ಲಿದೆ, ಅದು ಇನ್ನು ನಿನ್ನದೇ’ ಎಂದು ವಿಮಾನ ಹತ್ತುವುದು ಎಷ್ಟು ಸುಲಭ! ಎಲ್ಲರಿಗೂ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಬಹುತೇಕ ಎಲ್ಲ ಅಗ್ರಿಮೆಂಟ್‌ಗಳೂ ಒಳಬಾಡಿಗೆಗೆ ಕೊಡಬಾರದು ಎನ್ನುತ್ತವೆ. ಕಾಗದದಲ್ಲಿ ಬಾಡಿಗೆದಾರ ಇನ್ನೂ ನೀವೇ. ಗೆಳೆಯ ಮೂರು ತಿಂಗಳು ಬಾಡಿಗೆ ನಿಲ್ಲಿಸಿದರೆ, ಗೋಡೆ ಕೆಡಿಸಿದರೆ, ಪೊಲೀಸರು ಬಂದು ಈ ಮನೆಯಲ್ಲಿರುವವರು ಯಾರು ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಜರ್ಮನಿಯಲ್ಲಿ ಕುಳಿತ ನೀವು. ಗೆಳೆಯನ ಸ್ಥಿತಿ ಇನ್ನೂ ಕಷ್ಟ: ಅವನ 2 ಲಕ್ಷಕ್ಕೆ ಓನರ್ ಕೊಟ್ಟ ರಸೀದಿಯೇ ಇಲ್ಲ.

ಸರಿಯಾದ ಕ್ರಮದಲ್ಲಿ ಎರಡು ಕಾಗದಗಳು ಬೇಕು. ನಿಮ್ಮ ಮತ್ತು ಓನರ್ ನಡುವಿನ ಹಳೆಯ ಅಗ್ರಿಮೆಂಟ್ ಇಂಥ ದಿನಕ್ಕೆ ಇಬ್ಬರ ಒಪ್ಪಿಗೆಯಿಂದ ಮುಗಿಯಿತು ಎಂದು ಒಂದು. ಓನರ್ ಮತ್ತು ಹೊಸಬರ ನಡುವೆ ಹೊಸ ಅಗ್ರಿಮೆಂಟ್ ಇನ್ನೊಂದು. ಹೊಸಬರ ಹಣ ಓನರ್ ಖಾತೆಗೇ ಹೋಗಬೇಕು, ಓನರ್ ಖಾತೆಯಿಂದ ನಿಮ್ಮದಕ್ಕೆ ಬರಬೇಕು. ನಡುವೆ ನಿಂತು ಹಣ ಮುಟ್ಟಬಾರದು, ಟೋಕನ್ ಕೂಡ.

ಹುಡುಕುವಾಗ ಇನ್ನೊಂದು ಇಕ್ಕಟ್ಟು ಬರುತ್ತದೆ. ‘ಯಾರು ಜನ?’ ಎಂದು ಓನರ್ ಕೇಳುತ್ತಾರೆ. ಸಸ್ಯಾಹಾರಿಗಳೇ ಬೇಕು, ಬ್ಯಾಚುಲರ್ ಬೇಡ, ಇಂಥ ಜಾತಿಯವರು ಬೇಡ ಎಂಬ ಮಾತು ಈ ನಗರದಲ್ಲಿ ಹೊಸದಲ್ಲ. ಪತ್ರದಲ್ಲಿ ಕೇಳಬೇಕಾದ್ದು ಜನರ ಸಂಖ್ಯೆ, ವಾಹನ, ಸಾಕುಪ್ರಾಣಿ, ಇಷ್ಟೇ. ಫೋನ್ ಮಾಡಿದವರ ಜಾತಿ ವಿಚಾರಿಸಿ ಜರಡಿ ಹಿಡಿಯುವ ಕೆಲಸವನ್ನು ಓನರ್ ಪರವಾಗಿ ಬಾಡಿಗೆದಾರರು ಮಾಡಬೇಕಾಗಿಲ್ಲ. ಬಂದವರನ್ನು ಭೇಟಿ ಮಾಡಿಸಿ, ಯಾವ ದಿನ ಯಾರನ್ನು ಕರೆತಂದೆವು, ಅವರು ಎಷ್ಟು ಬಾಡಿಗೆಗೆ ಒಪ್ಪಿದರು, ಓನರ್ ಏನೆಂದರು ಎಂಬುದನ್ನು ಆಯಾ ದಿನ ಸಂಜೆ ಅವರಿಗೇ ಒಂದು ಮೆಸೇಜಿನಲ್ಲಿ ಕಳಿಸಿಡಬೇಕು. ‘ಇವತ್ತು ಬಂದಿದ್ದ ದಂಪತಿ 30,000ಕ್ಕೆ ಒಪ್ಪಿದ್ದಾರೆ, ನೀವು ಯೋಚಿಸಿ ಹೇಳುತ್ತೇನೆಂದಿರಿ’ ಎಂದಷ್ಟೇ ಸಾಕು. ಇದು ದೂರಲ್ಲ, ನೆನಪು. ಆದರೆ ಮುಂದೆ ತಕರಾರು ಬಂದರೆ ಇದರಷ್ಟು ಗಟ್ಟಿಯಾದ ಸಾಕ್ಷಿ ಬೇರೆ ಇರುವುದಿಲ್ಲ.

ಅದು ಹೇಗೆಂದರೆ, ಒಬ್ಬರು ಒಪ್ಪಂದ ಮುರಿದಾಗ ಇನ್ನೊಬ್ಬರಿಗೆ ಪರಿಹಾರ ಸಿಗುತ್ತದೆ ಎನ್ನುವ 1872ರ ಭಾರತೀಯ ಒಪ್ಪಂದ ಕಾಯ್ದೆಯ 73ನೇ ಕಲಮೇ, ಆ ನಷ್ಟ ತಪ್ಪಿಸಿಕೊಳ್ಳಲು ಅವರಿಗೆ ಯಾವ ದಾರಿ ಇತ್ತು ಎಂಬುದನ್ನೂ ಗಮನಿಸಬೇಕು ಎನ್ನುತ್ತದೆ. 74ನೇ ಕಲಮು ಇನ್ನೊಂದು ಹೆಜ್ಜೆ ಮುಂದಿದೆ: ಒಪ್ಪಂದದಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ಆ ಮೊತ್ತದ ಮಿತಿಯೊಳಗಿನ ನ್ಯಾಯವಾದ ಪರಿಹಾರ, ಬರೆದಷ್ಟೂ ತಾನಾಗಿ ಸಿಗುವುದಿಲ್ಲ. ಸೆಪ್ಟೆಂಬರ್ 8ಕ್ಕೆ ಹೊಸಬರು ಬಂದು ಬಾಡಿಗೆ ಕೊಡಲು ಶುರು ಮಾಡಿದ ಮೇಲೆ ಅದೇ ಮನೆಗೆ ಹಳಬರಿಂದ ನವೆಂಬರ್‌ವರೆಗಿನ ಬಾಡಿಗೆ ಹಿಡಿದುಕೊಳ್ಳಲು ಓನರ್ ಬಳಿ ಗಟ್ಟಿ ಕಾರಣ ಉಳಿಯುವುದಿಲ್ಲ. ಒಳ್ಳೆಯ ಬದಲಿಗಳನ್ನು ಸುಮ್ಮನೆ ತಳ್ಳಿಹಾಕಿದವರಿಗೂ ಪೂರ್ತಿ ನಷ್ಟ ಕೇಳುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಹಣ ಇರುವುದು ಓನರ್ ಕೈಯಲ್ಲಿ. ವಿದೇಶದಲ್ಲಿ ಕುಳಿತು 80,000 ರೂಪಾಯಿಗಾಗಿ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ವರ್ಷಗಟ್ಟಲೆ ನಡೆಸುವವರು ಯಾರೂ ಇಲ್ಲ. ಕಾನೂನಿನ ಈ ಸಾಲುಗಳು ಮಾತುಕತೆಯಲ್ಲಿ ಬೆನ್ನಿಗೆ ಬಲ, ಅಷ್ಟೆ. ಅದಕ್ಕೇ ಒಪ್ಪಿಗೆಯ ಸಹಿ ಜುಲೈನಲ್ಲೇ ಬೇಕು, ಹಣ ಆಗಸ್ಟಿನಲ್ಲೇ ಬರಬೇಕು.

ನಮ್ಮ ದಂಪತಿಯ ಲೆಕ್ಕ ಮುಗಿಸೋಣ. ಆಗಸ್ಟ್ ಮೊದಲ ವಾರದಲ್ಲಿ ಗಂಡನ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಿಂದ ಒಂದು ಕುಟುಂಬ ಸಿಕ್ಕಿತು ಎಂದುಕೊಳ್ಳಿ. ಬ್ರೋಕರ್ ಮೂಲಕ ಹೋದರೆ ಅವರಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಖರ್ಚು. ಪರಿಚಯದಿಂದ ಬಂದದ್ದರಿಂದ ಅದು ಉಳಿಯಿತು. ಆ ಕಾರಣಕ್ಕೇ ಅವರು ಬಾಡಿಗೆಯಲ್ಲಿ ಹೆಚ್ಚು ಚೌಕಾಸಿ ಮಾಡಲಿಲ್ಲ. ಆಗಸ್ಟ್ 30ಕ್ಕೆ ಅಗ್ರಿಮೆಂಟಿಗೆ ಸಹಿ, ಅಂದೇ 2 ಲಕ್ಷ ಓನರ್ ಖಾತೆಗೆ. ಒಂದು ವಾರ ಬಣ್ಣದ ಕೆಲಸ, ಸೆಪ್ಟೆಂಬರ್ 8ರಿಂದ ಅವರ ಬಾಡಿಗೆ ಶುರು. ನಡುವಿನ ಏಳು ದಿನಕ್ಕೆ ದಿನಕ್ಕೆ ಸಾವಿರದಂತೆ 7,000, ಬಣ್ಣಕ್ಕೆ 30,000, ಆಗಸ್ಟ್ ತಿಂಗಳ ಕರೆಂಟ್ ಬಿಲ್ಲು 1,400 ಎಂದಿಟ್ಟುಕೊಂಡರೆ, 2 ಲಕ್ಷದಲ್ಲಿ ಇವನ್ನು ಕಳೆದು ದಂಪತಿಯ ಕೈಗೆ 1,61,600 ರೂಪಾಯಿ. ಬದಲಿ ಸಿಗದೆ, ಓನರ್ ಕಟುವಾಗಿ ಓದಿ ನವೆಂಬರ್‌ವರೆಗಿನ ಬಾಡಿಗೆ ಹಿಡಿದುಕೊಂಡಿದ್ದರೆ ಸಿಗುತ್ತಿದ್ದುದು 78,600. ವ್ಯತ್ಯಾಸ 83,000 ರೂಪಾಯಿ.

ಇದರಲ್ಲಿ ನನಗೆ ಒಪ್ಪಿಗೆಯಾಗದ ಅಂಶ ಒಂದಿದೆ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡ ಮೇಲೆ ಬಣ್ಣ ಹೊಡೆಯುವ ದಿನಗಳ ಬಾಡಿಗೆಯನ್ನೂ ಹಳಬರಿಂದಲೇ ಪಡೆಯುವುದು ಹೆಚ್ಚಾಯಿತು. ಐದೇ ತಿಂಗಳು ಇದ್ದವರಿಂದ ಪೂರ್ತಿ ಬಣ್ಣದ ಖರ್ಚು ಕೇಳುವುದೂ ಹಾಗೆಯೇ. ಅಷ್ಟರಲ್ಲಿ ಗೋಡೆ ಕೆಡುವುದಾದರೂ ಎಷ್ಟು? ಆದರೆ ಅಗ್ರಿಮೆಂಟಿನಲ್ಲಿ ಹಾಗೆ ಬರೆದಿದ್ದರೆ, ಮತ್ತು ಓನರ್ ಲಾಕ್-ಇನ್ ಬಿಟ್ಟುಕೊಟ್ಟಿದ್ದರೆ, ಈ 7,000ಕ್ಕೆ ಜಗಳ ತೆಗೆಯಬೇಡಿ. ಹೊಸಬರು ಒಪ್ಪುವುದು 28,000ಕ್ಕೇ ಆದರೆ ಸೆಪ್ಟೆಂಬರ್ ಕೊನೆಯವರೆಗಿನ ಕೊರತೆ 2,000ವನ್ನು ತಾವೇ ತುಂಬುತ್ತೇವೆ ಎಂದು ಹೇಳುವುದೂ ಇದೇ ಲೆಕ್ಕದಲ್ಲಿ ಲಾಭವೇ.

ಬೀಗದ ಕೈ ಕೊಡುವ ದಿನ ಓನರ್ ಜತೆ ಮನೆಯನ್ನು ಒಂದು ಸುತ್ತು ನೋಡಿ, ಗೋಡೆ, ನಲ್ಲಿ, ಗೀಸರ್, ವಾರ್ಡ್‌ರೋಬ್‌ಗಳ ವಿಡಿಯೊ ತೆಗೆದು, ಕರೆಂಟ್ ಮೀಟರಿನ ಫೋಟೊ ಇಟ್ಟುಕೊಳ್ಳಿ. ‘ಮನೆ ವಶಕ್ಕೆ ಪಡೆದಿದ್ದೇನೆ, ಇಷ್ಟು ಕಳೆದು ಇಷ್ಟು ಹಿಂದಿರುಗಿಸಿದ್ದೇನೆ, ಇನ್ನು ಬಾಕಿ ಇಲ್ಲ’ ಎಂಬ ನಾಲ್ಕು ಸಾಲಿಗೆ ಇಬ್ಬರ ಸಹಿ ಬೀಳಲಿ. ಬಾಡಿಗೆ ತಿಂಗಳಿಗೆ 50,000 ಮೀರಿದ್ದರೆ ಮೂಲದಲ್ಲೇ ತೆರಿಗೆ ಕಡಿತ ಮಾಡಿ ಕಟ್ಟುವ ಹೊಣೆ ಬಾಡಿಗೆದಾರರದು. ವರ್ಷದ ನಡುವೆ ಮನೆ ಬಿಡುವವರು ಅದನ್ನು ಕೊನೆಯ ತಿಂಗಳ ಬಾಡಿಗೆಯಲ್ಲಿ ಮಾಡಬೇಕು. ಜರ್ಮನಿಗೆ ಹೋದ ಮೇಲೆ ನೆನಪಾದರೆ ಬಡ್ಡಿ, ದಂಡ ಕಟ್ಟಬೇಕಾಗುತ್ತದೆ. ಅಡ್ವಾನ್ಸಿನ ಒಂದು ಪಾಲು ಆಮೇಲೆ ಬರುವುದಿದ್ದರೆ ಯಾವ ಖಾತೆಗೆ ಎಂಬುದನ್ನು ಆ ಕಾಗದದಲ್ಲೇ ಬರೆಸಿ. ಕೆಲಸಕ್ಕಾಗಿ ವಿದೇಶದಲ್ಲಿ ನೆಲೆಸಿ ಅನಿವಾಸಿಯಾದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬ ನಿಯಮವಿದೆ. ಆ ಬದಲಾವಣೆಯ ನಡುವೆ ಹಣ ತೂಗುವುದು ಬೇಡವೆಂದರೆ ತಂದೆಯ ಅಥವಾ ಅಣ್ಣನ ಖಾತೆಗೆ ಹಾಕಲು ಲಿಖಿತ ಒಪ್ಪಿಗೆ ಕೊಟ್ಟು ಹೋಗಬಹುದು.

ಮನೆ ಬಾಡಿಗೆಯದ್ದಲ್ಲ, ಭೋಗ್ಯದ್ದು ಎಂದಾದರೆ ವಿಷಯ ಇನ್ನೂ ಬಿಗಿ. ಜನ ‘ಲೀಸಿಗೆ ಹಾಕಿಕೊಂಡಿದ್ದೇವೆ’ ಎನ್ನುವ ಈ ಪದ್ಧತಿಯಲ್ಲಿ ತಿಂಗಳ ಬಾಡಿಗೆ ಇಲ್ಲ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ಅವಧಿ ಮುಗಿದಾಗ ಅಷ್ಟನ್ನೂ ವಾಪಸು ಪಡೆಯುವುದು. ಆ ಮೊತ್ತವನ್ನು ಓನರ್ ನಡುವಿನಲ್ಲಿ ಹೊಂದಿಸುವ ಮಾತೇ ಇಲ್ಲ. ಅಷ್ಟೇ ಹಣ ತರುವ ಇನ್ನೊಂದು ಕುಟುಂಬ ಸಿಗುವವರೆಗೆ ನೀವು ಊರು ಬಿಟ್ಟರೂ ಮನೆಯ ವಶ ಬಿಡಬಾರದು. ಹಣ ಖಾತೆಗೆ ಬಿದ್ದ ಮೇಲಷ್ಟೇ ಬೀಗದ ಕೈ ಕೊಡುವಂತೆ ಮನೆಯವರೊಬ್ಬರಿಗೆ ಅಧಿಕಾರಪತ್ರ ಮಾಡಿಕೊಟ್ಟು ಹೋಗುವುದೇ ಲೇಸು. ಭೋಗ್ಯದ ಮನೆಯ ಹಣ ಮುಳುಗಿದ ಕತೆಗಳಲ್ಲಿ ಹೆಚ್ಚಿನವು ಕೈ ಮೊದಲು, ಹಣ ಆಮೇಲೆ ಎಂಬ ಮಾತಿನಿಂದ ಶುರುವಾದವು.

ಅಂದಹಾಗೆ, ನಮ್ಮ ದಂಪತಿ ಹೋಗುತ್ತಿರುವ ಜರ್ಮನಿಯಲ್ಲೂ ಇದೇ ಮಾತು ಬೇರೆ ವೇಷದಲ್ಲಿದೆ. ಅಲ್ಲಿ ಬಾಡಿಗೆದಾರರು ಕೊಡಬೇಕಾದ ಸಾಮಾನ್ಯ ನೋಟಿಸ್ ಮೂರು ತಿಂಗಳು. ಮೂವರು ಬದಲಿ ಬಾಡಿಗೆದಾರರ ಹೆಸರು ಕೊಟ್ಟರೆ ಕೂಡಲೇ ಬಿಡಬಹುದು ಎಂದು ಅಲ್ಲಿನ ಜನರೂ ನಂಬುತ್ತಾರೆ, ಕಾನೂನಿನಲ್ಲಿ ಅಂಥದ್ದೇನೂ ಇಲ್ಲ. ಸಿಂಗಪುರದಲ್ಲಿ ಮಾತ್ರ ಹೊರದೇಶದಿಂದ ಕೆಲಸಕ್ಕೆ ಬಂದವರ ಅಗ್ರಿಮೆಂಟಿನಲ್ಲಿ ಇದಕ್ಕೆಂದೇ ಒಂದು ಷರತ್ತು ಇರುವುದು ವಾಡಿಕೆ. ಕೆಲಸ ದೇಶ ಬಿಡಿಸಿದರೆ, ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ, ಎರಡು ತಿಂಗಳ ನೋಟಿಸ್ ಮತ್ತು ಕಂಪನಿಯ ಪತ್ರ ಕೊಟ್ಟು ಮನೆ ಬಿಡಬಹುದು.

ಅಂಥದ್ದನ್ನು ನಮ್ಮಲ್ಲೂ ಬರೆಸಿಕೊಳ್ಳಲು ಅಡ್ಡಿಯೇನಿಲ್ಲ. ಮುಂದಿನ ಸಲ ಅಗ್ರಿಮೆಂಟ್ ಟೈಪ್ ಮಾಡಿಸುವಾಗ ಈ ಎರಡು ವಾಕ್ಯ ಸೇರಿಸಿ ಎಂದು ಓನರ್‌ಗೆ ಕೇಳಿ: ‘ಬಾಡಿಗೆದಾರರಿಗೆ ಬೇರೆ ಊರಿಗೆ ಅಥವಾ ವಿದೇಶಕ್ಕೆ ವರ್ಗವಾದರೆ ಅಥವಾ ಅಲ್ಲಿ ಕೆಲಸ ಸಿಕ್ಕರೆ, ಅದರ ದಾಖಲೆ ಕೊಟ್ಟು ಲಾಕ್-ಇನ್ ಅವಧಿಯಲ್ಲೂ ಎರಡು ತಿಂಗಳ ನೋಟಿಸ್ ಮೇಲೆ ಮನೆ ಬಿಡಬಹುದು. ಓನರ್ ಒಪ್ಪುವ ಬದಲಿ ಬಾಡಿಗೆದಾರರು ಅದಕ್ಕೂ ಮೊದಲೇ ಬಂದರೆ ಹಳಬರ ಬಾಡಿಗೆ ಆ ದಿನಕ್ಕೆ ನಿಲ್ಲುತ್ತದೆ.’ ಅಡ್ವಾನ್ಸ್ ಎಣಿಸುವ ಮೊದಲು ಕೇಳಿದರೆ ಬಹಳಷ್ಟು ಓನರ್‌ಗಳು ಇದಕ್ಕೆ ಒಪ್ಪುತ್ತಾರೆ.